ಚಂದಾ ನಿಲ್ಲಿಸುವ ಮೊದಲು ಬಿಲ್ ಯಾರದೆಂದು ನೋಡಿ

ಅಮೆರಿಕದಲ್ಲಿ ನಾಲ್ಕು ಸ್ಟ್ರೀಮಿಂಗ್ ಸೇವೆಗಳನ್ನು ವರ್ಷವಿಡೀ ಇಟ್ಟುಕೊಂಡರೆ, ಒಂದೊಂದಕ್ಕೆ ತಿಂಗಳಿಗೆ 15 ಡಾಲರ್ ಎಂದು ಹಿಡಿದರೂ, 720 ಡಾಲರ್ ಆಗುತ್ತದೆ. ಒಂದು ತಿಂಗಳು ಒಂದೇ ಸೇವೆ, ಮುಂದಿನ ತಿಂಗಳು ಇನ್ನೊಂದು ಎಂದು ಸರದಿಯಲ್ಲಿ ನೋಡಿದರೆ 180ಕ್ಕೆ ಮುಗಿಯುತ್ತದೆ. ಈ ಲೆಕ್ಕವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಭಾರತದಿಂದ ಹೊಸದಾಗಿ ಬಂದವರೂ ಮೊದಲ ವಾರದಲ್ಲೇ ಹಾಕಿರುತ್ತಾರೆ. ಆದರೂ ಆರು ತಿಂಗಳ ನಂತರ ಅವರ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದರೆ, ಮಾರ್ಚ್‌ನಲ್ಲೇ ‘ಬಿಟ್ಟಿದ್ದ’ ಸೇವೆಯೊಂದು ಆಗಸ್ಟ್‌ವರೆಗೂ ದುಡ್ಡು ಎಳೆಯುತ್ತಲೇ ಇರುತ್ತದೆ.

ಇದಕ್ಕೆ ಒಂದು ಕಾರಣ ಊರಿನ ಅಭ್ಯಾಸ. ಭಾರತದಲ್ಲಿ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ಕಾರ್ಡಿನಿಂದ ತಾನಾಗಿ ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು, ಬೇಡವೆನಿಸಿದರೆ ಬ್ಯಾಂಕಿನ ಕಡೆಯಿಂದಲೇ ತಡೆಯಬಹುದು. ಯುಪಿಐ ಆಟೊಪೇ ಆದರೆ ಅದೇ ಆ್ಯಪ್‌ನಲ್ಲಿ ಒಪ್ಪಿಗೆ ಹಿಂದಕ್ಕೆ ಪಡೆದರೆ ಮುಗಿಯಿತು. ಇಲ್ಲಿ ಅಮೆರಿಕದಲ್ಲಿ ತಿಂಗಳ ಚಂದಾಕ್ಕೆ ಅಂಥ ಮುನ್ಸೂಚನೆ ಬರುತ್ತದೆಂದು ನಂಬಿಕೊಂಡು ಕೂರುವಂತಿಲ್ಲ. ಚಂದಾ ರದ್ದತಿ ಸುಲಭ ಮಾಡಬೇಕೆಂದು, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ತಂದ ನಿಯಮವನ್ನು 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಜಾರಿಗೆ ಮೊದಲೇ ಹೊಡೆದುಹಾಕಿತು. ಈ ಒಂದು ವಿಷಯದಲ್ಲಿ ಊರಿನ ವ್ಯವಸ್ಥೆಯೇ ಮೇಲು. ಇಲ್ಲಿ ಲಗಾಮು ದುಡ್ಡು ತೆಗೆದುಕೊಳ್ಳುವವನ ಕೈಯಲ್ಲಿದೆ.

ನಿಜವಾದ ಹಳ್ಳ ಇರುವುದು ಆ ‘ದುಡ್ಡು ತೆಗೆದುಕೊಳ್ಳುವವನು’ ಯಾರು ಎಂಬಲ್ಲಿ. ಒಂದೇ ಸೇವೆಯನ್ನು ಇಲ್ಲಿ ಐದು ದಾರಿಯಲ್ಲಿ ಕೊಳ್ಳಬಹುದು: ಅದರದೇ ವೆಬ್‌ಸೈಟಿನಲ್ಲಿ, ಐಫೋನ್ ಅಥವಾ ಆ್ಯಪಲ್ ಟಿವಿಯಲ್ಲಿ, ಆಂಡ್ರಾಯ್ಡ್‌ನ ಗೂಗಲ್ ಪ್ಲೇಯಲ್ಲಿ, ಟಿವಿಗೆ ಸಿಕ್ಕಿಸಿದ ರೋಕು ಎಂಬ ಸ್ಟ್ರೀಮಿಂಗ್ ಸಾಧನದಲ್ಲಿ, ಅಮೆಜಾನ್ ಪ್ರೈಮ್ ವಿಡಿಯೊದ ಒಳಗೊಂದು ಚಾನೆಲ್ಲಾಗಿ. ಎಲ್ಲಿ ಕೊಂಡಿರೋ ಅಲ್ಲೇ ನಿಲ್ಲಿಸಬೇಕು. ಟಿವಿಯಿಂದ ಆ್ಯಪ್ ಅಳಿಸಿದರೆ ಆ್ಯಪ್ ಹೋಗುತ್ತದೆ, ಚಂದಾ ಹೋಗುವುದಿಲ್ಲ.

ಒಂದು ಮನೆಯ ಉದಾಹರಣೆ ನೋಡಿ. ಗಂಡ ಭಾನುವಾರ ರಾತ್ರಿ ಸೋಫಾದಲ್ಲಿ ಕೂತು ರೋಕು ರಿಮೋಟಿನಲ್ಲಿ ನಾಲ್ಕಂಕಿಯ ಪಿನ್ ಒತ್ತಿ ಎಚ್‌ಬಿಒ ಮ್ಯಾಕ್ಸ್ ಕೊಳ್ಳುತ್ತಾರೆ. ಎರಡು ದಿನ ಬಿಟ್ಟು ಹೆಂಡತಿ ಲ್ಯಾಪ್‌ಟಾಪಿನಲ್ಲಿ ತಮ್ಮ ಇಮೇಲ್ ಹಾಕಿದಾಗ ‘ಖಾತೆ ಇಲ್ಲ’ ಎಂದು ಬರುತ್ತದೆ. ಸರಿ ಎಂದು ಅವರೂ ಕಾರ್ಡ್ ನಂಬರ್ ಕೊಟ್ಟು ತೆರೆಯುತ್ತಾರೆ. ತಿಂಗಳ ಕೊನೆಗೆ ನೆನಪಿಟ್ಟುಕೊಂಡು ವೆಬ್‌ಸೈಟಿಗೆ ಹೋಗಿ ರದ್ದು ಮಾಡುತ್ತಾರೆ, ದೃಢೀಕರಣದ ಇಮೇಲೂ ಬರುತ್ತದೆ. ರೋಕುವಿನದು ನಡೆಯುತ್ತಲೇ ಇರುತ್ತದೆ, ಅದರ ರಸೀತಿ ಗಂಡನ ಹಳೆಯ ಇಮೇಲಿಗೆ ಹೋಗಿ ಬೀಳುತ್ತಿರುತ್ತದೆ. ಇಬ್ಬರೂ ಜಾಗರೂಕರೇ, ಆದರೂ ಎರಡು ಚಂದಾ ಕಟ್ಟಿದಂತಾಯಿತು.

ಇದನ್ನು ಪತ್ತೆ ಮಾಡಲು ಕಾರ್ಡಿನ ಸ್ಟೇಟ್‌ಮೆಂಟಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. APPLE.COM/BILL ಎಂದಿದ್ದರೆ ಆ್ಯಪಲ್ ಮೂಲಕ ಹೋಗಿದೆ, ಅಲ್ಲಿ ಸೇವೆಯ ಹೆಸರೇ ಕಾಣದು. GOOGLE ಎಂದು ಶುರುವಾದರೆ ಪ್ಲೇ ಸ್ಟೋರ್. ರೋಕು ಅಥವಾ ಪ್ರೈಮ್ ವಿಡಿಯೊ ಹೆಸರಿದ್ದರೆ ಅಲ್ಲಿಗೇ ಹೋಗಬೇಕು. ಐಫೋನಿನಲ್ಲಿ Settings ತೆರೆದು ಮೇಲಿರುವ ನಿಮ್ಮ ಹೆಸರು ಒತ್ತಿ, Subscriptions ನೋಡಿ. ಕೊಂಡವರ ಫೋನಿನಲ್ಲೇ ನೋಡಬೇಕು, ಮನೆಯವರದರಲ್ಲಿ ಅದು ಸಿಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರಿನ ನಿಮ್ಮ ಚಿತ್ರ ಒತ್ತಿದರೆ Payments & subscriptions ಸಿಗುತ್ತದೆ. ಅಮೆಜಾನಿನಲ್ಲಿ Memberships & Subscriptions. ರೋಕುವಿನಲ್ಲಿ ಆ್ಯಪಿನ ಮೇಲೆ ನಿಂತು ರಿಮೋಟಿನ ನಕ್ಷತ್ರದ ಗುಂಡಿ ಒತ್ತಿ, Manage subscription ಆರಿಸಿ.

ಕಾರ್ಡನ್ನೇ ಬದಲಿಸಿದರೆ ತಾನಾಗಿ ನಿಲ್ಲುತ್ತದಲ್ಲ ಎಂಬ ಉಪಾಯ ನಮ್ಮವರಲ್ಲಿ ಬಹಳ ಓಡಾಡುತ್ತಿದೆ. ನಂಬಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಹೊಸ ಕಾರ್ಡಿನ ನಂಬರನ್ನು ವ್ಯಾಪಾರಿಗೆ ತಲುಪಿಸುವ ಏರ್ಪಾಡಿದೆ. ಹಳೆ ಕಾರ್ಡ್ ಕತ್ತರಿಸಿ ಬಿಸಾಡಿದರೂ ಹೊಸದರಿಂದ ದುಡ್ಡು ಹೋಗಬಹುದು. ಈ ತಂತ್ರಕ್ಕಿಂತ ಒಂದು ನಿಮಿಷದ ರದ್ದತಿಯೇ ಕ್ಷೇಮ.

ಇನ್ನು ರದ್ದತಿ ಯಾವಾಗ? ಕೊಂಡ ದಿನವೇ. ತಿಂಗಳ ದುಡ್ಡು ಕೊಟ್ಟಿದ್ದರೆ ಆಗಲೇ ರದ್ದು ಮಾಡಿದರೂ ಸಾಮಾನ್ಯವಾಗಿ ತಿಂಗಳು ಮುಗಿಯುವವರೆಗೆ ನೋಡಬಹುದು. ಮಧ್ಯದಲ್ಲಿ ರದ್ದು ಮಾಡಿದಿರೆಂದು ಉಳಿದ ದಿನಗಳ ದುಡ್ಡು ವಾಪಸ್ ಬರುವುದಿಲ್ಲ, ಆದ್ದರಿಂದ ಕಾಯುವುದರಲ್ಲಿ ಲಾಭವೇನೂ ಇಲ್ಲ. ಉಚಿತ ಪ್ರಯೋಗಾವಧಿಯ ಮಾತು ಬೇರೆ. ಆ್ಯಪಲ್‌ನ ಸ್ವಂತ ಟಿವಿ ಸೇವೆಯ ಉಚಿತ ಅವಧಿಯನ್ನು ರದ್ದು ಮಾಡಿದರೆ ಆ ಕ್ಷಣವೇ ಬಾಗಿಲು ಮುಚ್ಚುತ್ತದೆ, ಹಾಗಾಗಿ ಅದನ್ನು ಕೊನೆಯವರೆಗೆ ಇಟ್ಟುಕೊಳ್ಳಿ. ಆದರೆ ಅಲ್ಲಿ ನವೀಕರಣಕ್ಕೆ ಕನಿಷ್ಠ 24 ಗಂಟೆ ಮೊದಲು ರದ್ದು ಮಾಡಬೇಕು, ಕೊನೆಯ ರಾತ್ರಿಗೆ ಉಳಿಸಬೇಡಿ.

ರದ್ದು ಮಾಡುವಾಗ ದಾರಿಯಲ್ಲಿ Pause ಎಂಬ ಗುಂಡಿ ಎದುರಾದರೆ ಮುಟ್ಟಬೇಡಿ. ಅದು ನಿಲ್ಲಿಸುವುದಿಲ್ಲ, ಮುಂದೂಡುತ್ತದೆ ಅಷ್ಟೆ. ಹುಲು ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ಗರಿಷ್ಠ 12 ವಾರ. ಆಮೇಲೆ ನಿಮ್ಮನ್ನು ಕೇಳದೆ ಬಿಲ್ ಮತ್ತೆ ಶುರು. ಕೊನೆಯ ಪರದೆಯಲ್ಲಿ ಚಂದಾ ಇಂಥ ದಿನ ಕೊನೆಗೊಳ್ಳುತ್ತದೆ ಎಂದು ತಾರೀಖು ಕಾಣಬೇಕು. ತಾರೀಖು ಕಾಣದಿದ್ದರೆ ನೀವಿನ್ನೂ ‘ಖಂಡಿತ ಹೋಗುತ್ತೀರಾ’ ಎನ್ನುವ ಪುಟದಲ್ಲೇ ಇದ್ದೀರಿ. ಆ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಖಾತೆಯನ್ನು ಮಾತ್ರ ಅಳಿಸಬೇಡಿ. ನೆಟ್‌ಫ್ಲಿಕ್ಸ್ ಚಂದಾ ನಿಂತ ಮೇಲೂ ನಿಮ್ಮ ಪ್ರೊಫೈಲು, ನೋಡಿದ ಪಟ್ಟಿಯನ್ನು 10 ತಿಂಗಳು ಇಟ್ಟುಕೊಂಡಿರುತ್ತದೆ. ಸರದಿಯಲ್ಲಿ ಅದು 10 ತಿಂಗಳೊಳಗೆ ಮತ್ತೆ ಬಂದರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು.

ಯಾವಾಗ ಕೊಳ್ಳಬೇಕೆಂಬುದೂ ಲೆಕ್ಕವೇ. ವಾರಕ್ಕೊಂದರಂತೆ ಬರುವ 8 ಕಂತಿನ ಸರಣಿ ಫೆಬ್ರವರಿ 5ರಂದು ಶುರುವಾದರೆ ಕೊನೆಯ ಕಂತು ಮಾರ್ಚ್ 26ಕ್ಕೆ. ಮೊದಲ ದಿನವೇ ಸೇರಿದರೆ ಮಾರ್ಚ್ 5ಕ್ಕೆ ಎರಡನೇ ಬಿಲ್ ಬೀಳುತ್ತದೆ. 26ರಂದು ಸೇರಿದರೆ ಒಂದೇ ಬಿಲ್ಲಿನಲ್ಲಿ ಎಂಟೂ ಕಂತು, ಜೊತೆಗೆ ಬೇರೇನಾದರೂ ನೋಡಲು ನಾಲ್ಕು ವಾರ. ಕಥೆ ಯಾರೋ ಮೊದಲೇ ಹೇಳಿಬಿಡುತ್ತಾರೆಂಬ ಆತಂಕವಿದ್ದವರು ಆ 15 ಡಾಲರ್ ಕೊಡಲಿ, ತಪ್ಪಿಲ್ಲ. ದಸರೆಗೋ ಮದುವೆಗೋ ಊರಿಗೆ ಹೋಗುವ ತಿಂಗಳನ್ನು ಖಾಲಿ ಬಿಡಿ, ನೆಟ್‌ಫ್ಲಿಕ್ಸಿನಲ್ಲಿ ಮೈಸೂರಿನಲ್ಲಿ ಕೂತು ತೆರೆದರೆ ಕಾಣುವುದು ಭಾರತದ ಪಟ್ಟಿ, ಅಮೆರಿಕದ್ದಲ್ಲ.

ಇನ್ನುಳಿದದ್ದು ಫೋನಿನ ಕ್ಯಾಲೆಂಡರಿನಲ್ಲಿ ಎರಡು ಜ್ಞಾಪನೆ. ಒಂದು, ಅವಧಿ ಮುಗಿಯುವ ಎರಡು ದಿನ ಮೊದಲು. ಆ ದಿನ ಚಂದಾ ಪಟ್ಟಿ ತೆರೆದು ಕೊನೆಯ ತಾರೀಖು ಇನ್ನೂ ಹಾಗೆಯೇ ಇದೆಯೇ ನೋಡಿ. ಮಕ್ಕಳ ಕೈಯಲ್ಲಿ ರಿಮೋಟಿದ್ದರೆ Restart ಗುಂಡಿ ಒತ್ತಿಹೋಗಿರುವುದೂ ಉಂಟು. ಎರಡನೆಯದು ಮುಗಿದ ಐದು ದಿನಕ್ಕೆ, ಕಾರ್ಡಿನ ಸ್ಟೇಟ್‌ಮೆಂಟ್ ನೋಡಲು. ಜ್ಞಾಪನೆಯಲ್ಲಿ ಬರೀ ಸೇವೆಯ ಹೆಸರು ಬರೆದರೆ ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೀರಿ, ಹೀಗೆ ಬರೆಯಿರಿ: ‘ಎಚ್‌ಬಿಒ ಮ್ಯಾಕ್ಸ್, ರೋಕು ಮೂಲಕ, ಯಜಮಾನರ ಹಳೆ ಇಮೇಲ್, 14ಕ್ಕೆ ಮುಕ್ತಾಯ.’