ಉದ್ರಿ ಆ್ಯಪ್‌ನಿಂದ ದುಡ್ಡು ವಾಪಸ್ ಬರುತ್ತೆ, ನಾನು ಮಾಡಿದ್ದು ಹೀಗೆ

ಮೆಸೇಜ್ ಕಳ್ಸಿ ಉದ್ರಿ ಕೇಳಿದ್ರೆ ಗಿರಾಕಿ ಮುನಿಸ್ಕೊಂಡು ಮುಂದಿನ ಅಂಗಡಿಗೆ ಹೋಗ್ತಾರೆ ಅಂತ ನಮ್ಮ ಬೀದಿಯವ್ರೆಲ್ಲ ಹೆದರಿಸಿದ್ರು. ನನ್ನ ದಿನಸಿ ಅಂಗಡೀದು ಆಗ ಸುಮಾರು 80-85 ಸಾವಿರ ಹೊರಗಡೆ ಇತ್ತು, ಈಗ 25 ಸಾವಿರದ ಆಸುಪಾಸು, ಒಬ್ಬ ಗಿರಾಕೀನೂ ಬಿಟ್ಟು ಹೋಗಿಲ್ಲ.

ಉದ್ರಿ ಲೆಕ್ಕ ಬರೆಯೋ ಆ್ಯಪಲ್ಲಿ ಕೊಟ್ಟಿದ್ದು ಕೆಂಪು, ಬಂದಿದ್ದು ಹಸಿರು, ಇದೆಲ್ಲ ನಿಮಗೆ ಗೊತ್ತು. ನಾನು ಹೇಳೋದು ಏನಂದ್ರೆ ಎಂಟ್ರಿನ ಗಿರಾಕಿ ಎದುರಿಗೇ ಹಾಕಿ, ಅವರು ಬಾಗಿಲು ದಾಟೋಕೆ ಮುಂಚೆ ಅವರ ಫೋನಿಗೆ ಮೆಸೇಜ್ ಹೋಗ್ಬೇಕು. ತಿಂಗಳ ಕೊನೇಲಿ ‘ನಾನು ಎಣ್ಣೆ ತಗೊಂಡೇ ಇಲ್ಲ’ ಅನ್ನೋ ಜಗಳ ಅಲ್ಲಿಗೇ ನಿಂತೋಯ್ತು.

ಕಷ್ಟ ಕೊಟ್ಟಿದ್ದು ಕ್ಯೂಆರ್. ರಿಮೈಂಡರ್ ಜೊತೆ ವಾಟ್ಸಾಪ್‌ಗೆ ಕ್ಯೂಆರ್ ಚಿತ್ರ ಹೋಗುತ್ತೆ, ಆದ್ರೆ ಅದು ಬಂದಿರೋದು ಅವರದೇ ಫೋನಿಗೆ, ಅದೇ ಫೋನಲ್ಲಿ ಅದನ್ನ ಸ್ಕ್ಯಾನ್ ಮಾಡೋದು ಹೇಗೆ? ಗ್ಯಾಲರಿಯಿಂದ ಎತ್ಕೊಂಡು ಕಟ್ಟಬೇಕು, ಅಲ್ಲಿ 2000 ದಾಟಿದ್ರೆ ಎಷ್ಟೋ ಸಲ ಪೇಮೆಂಟ್ ಮುಂದಕ್ಕೇ ಹೋಗಲ್ಲ. ಒಬ್ಬ ಆಟೋ ಡ್ರೈವರ್ ಅಣ್ಣಂದು 3400 ಚಿಲ್ಲರೆ ಬಾಕಿ ಇತ್ತು, ಮೂರು ವಾರ ‘ಹಾಕ್ತಾ ಇದೀನಿ ಸ್ವಾಮಿ, ಆಗ್ತಿಲ್ಲ’ ಅಂದ್ರು, ನಾನು ನೆಪ ಅಂದ್ಕೊಂಡಿದ್ದೆ, ಫೋನ್ ಇಸ್ಕೊಂಡು ನೋಡಿದ್ರೆ ನಿಜವಾಗ್ಲೂ ಫೇಲ್. 1700-1700 ಅಂತ ಎರಡು ಕೋಡ್ ಕಳ್ಸಿದೆ, ಒಂದು ಅವತ್ತೇ ಬಂತು, ಇನ್ನೊಂದು ಶನಿವಾರ. ಅವತ್ತಿಂದ ಯಾರ ಬಾಕಿನೂ 2000 ಮುಟ್ಟೋಕೆ ಬಿಡಲ್ಲ, 1500 ಆದ ತಕ್ಷಣ ರಿಮೈಂಡರ್.

ನಡುವೆ ಕ್ಯೂಆರ್ ಬದಲು ಲಿಂಕ್ ನಾನೇ ಬರೆದು ಕಳ್ಸಿ ನೋಡಿದೆ, ಹೀಗೆ:

```
upi://pay?pa=ANGADI@BANK&pn=ANGADI&am=1700&cu=INR
```

`am` ಜಾಗದಲ್ಲಿ ಮೊತ್ತ ಹಾಕಿದ್ರೆ ಗಿರಾಕಿ ಟೈಪ್ ಮಾಡೋ ಹಾಗೇ ಇಲ್ಲ. ಆದ್ರೆ ವಾಟ್ಸಾಪಲ್ಲಿ ಅದು ಬರೀ ಅಕ್ಷರ, ಒತ್ತಿದ್ರೆ ತೆರೆಯಲ್ಲ. ಅದೇ ಸಾಲನ್ನ ಕ್ಯೂಆರ್ ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ, ಅಂಗಡಿಗೆ ಬಂದವ್ರಿಗೆ ನನ್ನ ಫೋನ್ ತೋರ್ಸಿ ಸ್ಕ್ಯಾನ್ ಮಾಡ್ಸ್ತೀನಿ.

ಇನ್ನೊಂದು ಮುಖ್ಯವಾದ್ದು. ದುಡ್ಡು ಆ್ಯಪಿನ ಕ್ಯೂಆರ್ ಬಿಟ್ಟು ಬೇರೆ ಕ್ಯೂಆರ್‌ಗೆ ಬಂದ್ರೆ ಸೌಂಡ್‌ಬಾಕ್ಸ್ ಕೂಗುತ್ತೆ, ಆ್ಯಪಿನ ಖಾತೇಲಿ ಮಾತ್ರ ಕೆಂಪು ಹಾಗೇ ಇರುತ್ತೆ, ಕೊಟ್ಟವ್ರಿಗೇ ಮತ್ತೆ ರಿಮೈಂಡರ್ ಹೋದ್ರೆ ಅವರು ಸಿಟ್ಟಾಗೋದು ನ್ಯಾಯ. ಅದಕ್ಕೇ ಆಟೋಮ್ಯಾಟಿಕ್ ರಿಮೈಂಡರ್ ಬಂದ್ ಮಾಡಿದೀನಿ. ರಾತ್ರಿ ಷಟರ್ ಎಳೆಯೋ ಮುಂಚೆ ಬ್ಯಾಂಕಿಗೆ ಬಂದಿದ್ದನ್ನ ಖಾತೆ ಜೊತೆ ತಾಳೆ ನೋಡ್ತೀನಿ, ಹೆಂಡತಿ ಫೋನಿಂದ, ಮಗನ ಫೋನಿಂದ ಹಾಕಿರ್ತಾರೆ, ಆ ಹೆಸರುಗಳನ್ನ ಗಿರಾಕಿ ಹೆಸರಿನ ಪಕ್ಕದಲ್ಲೇ ಬರೆದಿಟ್ಟಿದೀನಿ, ಎಲ್ಲಾ ಸರಿಹೋದ ಮೇಲೇನೇ ಒಬ್ಬೊಬ್ರಿಗೆ ಕಳ್ಸೋದು.

ರಿಮೈಂಡರ್ ಮೇಲೆ ನಾನು ಸೇರಿಸೋ ಎರಡು ಸಾಲು ಏನು, ಯಾವ ಹೊತ್ತಿಗೆ ಕಳ್ಸ್ತೀನಿ ಅಂತ ಇಲ್ಲಿ ಬರೆಯಲ್ಲ, ನಮ್ಮ ಬೀದಿಯವ್ರೂ ಓದ್ತಾರೆ. ಫೋನೇ ಇಲ್ಲದ ನಾಲ್ಕೈದು ಅಜ್ಜಿಯರ ಲೆಕ್ಕ ಇನ್ನೂ ಪುಸ್ತಕದಲ್ಲೇ ಇದೆ.