ಕಂಡಕ್ಟರಿಗೆ ಟ್ರೋಲ್ ಮುಖ ಹಾಕಬೇಡಿ

ರೇಜ್ ಕಾಮಿಕ್, ಅಂದರೆ ಟ್ರೋಲ್ ಮುಖ, ರೇಜ್ ಗೈ ಥರದ ಹಳೇ ಇಂಟರ್‌ನೆಟ್ ಮುಖಗಳ ಚೌಕದ ಕತೆ, ಪೋಸ್ಟರ್ ಮಾಡಿ ಮಾರುತ್ತೇನೆ ಅಂದಾಗ "2010ರ ಮುಖಗಳನ್ನು ಈಗ ಯಾರು ನೋಡ್ತಾರೆ ಮಾರಾಯ" ಅಂತ ಮಂಗಳೂರಿನ ನಮ್ಮ ಮೀಮ್ ದೋಸ್ತಿಗಳು ನಕ್ಕಿದ್ದರು. ಉಡುಪಿಯ ಒಂದು ಫೆಸ್ಟಿನಲ್ಲಿ ಮೇಜು ಹಾಕಿದೆ. ಕಂಡಕ್ಟರ್ ಪೋಸ್ಟರ್ ಸಂಜೆಯೊಳಗೆ ಖಾಲಿ.

ಕತೆ ಎಲ್ಲರಿಗೂ ಗೊತ್ತಿರುವುದೇ. ಮೊದಲ ಚೌಕದಲ್ಲಿ ನೂರರ ನೋಟು. ಎರಡನೆಯದರಲ್ಲಿ "ಚಿಲ್ಲರೆ ಇಳಿಯುವಾಗ ಕೊಡ್ತೇನೆ". ಮೂರನೆಯದರಲ್ಲಿ ಸ್ಟಾಪು, ರೈಟ್ ಅಂತ ಸೀಟಿ, ಬಸ್ಸಿನ ಬೆನ್ನು. ನಾಲ್ಕನೆಯದರಲ್ಲಿ ಸಿಟ್ಟಿನಿಂದ ಕಿರುಚುವ ರೇಜ್ ಗೈ, ಬಾಯಿ ಅಷ್ಟಗಲ.

ಮೊದಲು ಮೂರನೇ ಚೌಕದಲ್ಲಿ ಕಂಡಕ್ಟರಿಗೆ ಹಲ್ಲು ಕಿರಿಯುವ ಟ್ರೋಲ್ ಮುಖ ಹಾಕಿದ್ದೆ. ಯಾರೂ ನಗಲಿಲ್ಲ. ಕಾರಣ ಸುಲಭ. ಟ್ರೋಲ್ ಮುಖ ಇನ್ನೊಬ್ಬನನ್ನು ಬೇಕೆಂದೇ ಕೆಣಕಿ, ಅವನು ಉರಿಯುವುದನ್ನು ನೋಡಿ ಖುಷಿಪಡುವವನದ್ದು. "ಪ್ರಾಬ್ಲಮ್ಮಾ?" ಅಂತ ಕೇಳುವ ಜಾತಿ. ಪಾಪ, ಕಂಡಕ್ಟರ್ ಮರೆತದ್ದು ಅಷ್ಟೇ. ಕೆಣಕುವ ಉದ್ದೇಶ ಇಲ್ಲದ ಕಡೆ ಆ ನಗು ಹಾಕಿದರೆ ನೋಡುವವರಿಗೆ ಸಿಟ್ಟು ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ. ಅವನ ಮುಖ ತೆಗೆದು ಬರೀ ಬಸ್ಸಿನ ಬೆನ್ನು ಬಿಟ್ಟೆ, ಕೆಲಸ ಆಯಿತು. ರೇಜ್ ಗೈ ಇರುವುದೇ ಇಂಥದ್ದಕ್ಕೆ: ಸಣ್ಣ ವಿಷಯ, ಯಾರನ್ನೂ ಬೈಯುವ ಹಾಗಿಲ್ಲ, ಆದರೆ ತಲೆ ಸಿಡಿಯುತ್ತದೆ. ನಾಲ್ಕನೇ ಚೌಕದಲ್ಲಿ ಮಾತು ಬರೆಯಲೇಬೇಡಿ. "ಅಯ್ಯೋ ನನ್ನ ದುಡ್ಡು" ಅಂತ ಸೇರಿಸಿದ ಪ್ರತಿ ಸತ್ತೇ ಹೋಯಿತು.

ದುಡ್ಡು ಹೋದದ್ದು ಬೇರೆ ಕಡೆ. ಗೆರೆ ನೀಟಾಗಲಿ ಅಂತ ಒಬ್ಬ ಡಿಸೈನರಿಗೆ ಸುಮಾರು 1500 ಕೊಟ್ಟೆ. ನುಣುಪಾಗಿ ಬಂತು, ಟೂತ್‌ಪೇಸ್ಟ್ ಜಾಹೀರಾತಿನ ಹಾಗೆ. ಕಾರ್ಲೋಸ್ ರಾಮಿರೆಜ್ 2008ರಲ್ಲಿ ಟ್ರೋಲ್ ಮುಖ ಬಿಡಿಸಿದ್ದು ಕಂಪ್ಯೂಟರಿನ ಎಂಎಸ್ ಪೇಂಟ್‌ನಲ್ಲಿ. ಆ ಒರಟು ಗೆರೆಯಲ್ಲೇ ತಮಾಷೆ ಇದೆ, ನೋಡಿದವನಿಗೆ ತಾನೂ ಬಿಡಿಸಬಹುದು ಅನಿಸಬೇಕು. ನಾನೂ ಪೇಂಟ್‌ಗೆ ಮರಳಿ, ಮೌಸಿನಲ್ಲೇ ಎಳೆದೆ. ಚೌಕಗಳ ನಡುವೆ ಎಷ್ಟು ಜಾಗ ಬಿಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಅನ್ನ.

ಇನ್ನೊಂದು, ಟ್ರೋಲ್ ಮುಖವನ್ನು ಮಾರುವ ಸಾಮಾನಿನ ಮೇಲೆ ಹಾಕಬೇಡಿ. ರಾಮಿರೆಜ್ 2010ರಲ್ಲೇ ಕಾಪಿರೈಟ್ ಮಾಡಿಸಿದ್ದಾರೆ, ಅದರಿಂದ ಅವರಿಗೆ ಒಳ್ಳೆಯ ದುಡ್ಡೂ ಬಂದಿದೆ. ಉಳಿದ ಮುಖಗಳಿಗೂ ಬಿಡಿಸಿದವರು ಇದ್ದಾರೆ. ಹಾಗಾಗಿ ಮಾರುವ ಪ್ರತಿಗೆ ಭಾವ ಅದೇ ಇಟ್ಟು, ಮುಖ ನಾನೇ ಬೇರೆ ಬಿಡಿಸಿದೆ. ಎ3 ಕಪ್ಪು-ಬಿಳುಪು ಪ್ರಿಂಟ್ ಒಂದಕ್ಕೆ 12-15 ಬಿತ್ತು, 40ಕ್ಕೆ ಕೊಟ್ಟೆ. ಡಿಸೈನರಿನ ದುಡ್ಡು ಕಳೆದೂ ಸ್ವಲ್ಪ ಉಳಿಯಿತು.

ನಡುವೆ ಸುಮ್ನೆ 'ಮೆ ಗುಸ್ತಾ' ಅನ್ನುವ ಇನ್ನೊಂದು ಹಳೇ ಮುಖದ ಭಾವವನ್ನೂ ಪರೀಕ್ಷೆ ಮಾಡಿದೆ. ಹೇಳಿಕೊಳ್ಳಲು ನಾಚಿಕೆಯಾಗುವ ಖುಷಿ ಅದು. ಬಸ್ಸಿನಲ್ಲಿ ಒಣಮೀನಿನ ಚೀಲ, ಎಲ್ಲರೂ ಮೂಗು ಮುಚ್ಚಿದ್ದಾರೆ, ಒಬ್ಬ ಮಾತ್ರ ಉಸಿರು ಎಳೆಯುತ್ತಿದ್ದಾನೆ. ಮಲ್ಪೆ ಕಡೆಯ ಹುಡುಗರು ಒಬ್ಬರಿಗೊಬ್ಬರು ತೋರಿಸಿಕೊಂಡು ತಗೊಂಡರು. ಘಟ್ಟದ ಮೇಲಿನವರು ಒಬ್ಬರೂ ಕೈ ಹಾಕಲಿಲ್ಲ.