ಪೈ ನೆಟ್‌ವರ್ಕ್‌ನ ವೈ-ಪ್ಯಾರಾಮೀಟರ್ ಅಳೆಯುವುದು ಹೇಗೆ?

ಪೈ ನೆಟ್‌ವರ್ಕ್‌ನ ವೈ-ಪ್ಯಾರಾಮೀಟರ್‌ಗಳನ್ನು ಕಾಗದದ ಮೇಲೆ ಬರೆಯಲು ಎರಡು ನಿಮಿಷ ಸಾಕು. ಅದೇ ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ ಮೀಟರ್ ಹಿಡಿದರೆ ಅಂಕಿಗಳು ತಾಳೆಯಾಗುವುದಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ‘ರೆಸಿಸ್ಟರ್ ಟಾಲರೆನ್ಸ್’ ಎಂದು ಕಾರಣ ಬರೆದು ಮುಗಿಸುವವರೇ ಹೆಚ್ಚು. ಆದರೆ ಬಹಳ ಸಲ ತಪ್ಪು ರೆಸಿಸ್ಟರಿನದಲ್ಲ, ಶಾರ್ಟ್ ಮಾಡಿದ ರೀತಿಯದು. ಅದನ್ನು ಪತ್ತೆ ಹಚ್ಚಿ ಸರಿಪಡಿಸುವುದು ಕಷ್ಟವೇನಲ್ಲ.

ಒಂದು ಸರ್ಕ್ಯೂಟ್ ಇಟ್ಟುಕೊಂಡೇ ನೋಡೋಣ. ಪೋರ್ಟ್ 1ರ ಮೇಲಿನ ತುದಿಯಿಂದ ಗ್ರೌಂಡಿಗೆ 2 ಕಿಲೋಓಮ್, ಪೋರ್ಟ್ 2ರ ಮೇಲಿನ ತುದಿಯಿಂದ ಗ್ರೌಂಡಿಗೆ 10 ಕಿಲೋಓಮ್, ಎರಡೂ ಮೇಲಿನ ತುದಿಗಳ ನಡುವೆ 1 ಕಿಲೋಓಮ್. ಶೇ 1ರ ಟಾಲರೆನ್ಸ್ ಇರುವ ರೆಸಿಸ್ಟರ್ ತೆಗೆದುಕೊಂಡು, ಬೋರ್ಡಿಗೆ ಚುಚ್ಚುವ ಮೊದಲೇ ಒಂದೊಂದನ್ನೂ ಅಳೆದು ಬರೆದಿಡಿ. ಅಡ್ಮಿಟನ್ಸ್‌ನಲ್ಲಿ ಹೇಳುವುದಾದರೆ Ya = 0.5 mS, ನಡುವಿನ Yb = 1 mS, Yc = 0.1 mS. ಇದಲ್ಲದೆ 5 ವೋಲ್ಟ್ ಸುತ್ತಮುತ್ತ ಹೊಂದಿಸಬಲ್ಲ ಡಿ.ಸಿ. ಸಪ್ಲೈ, ಕರೆಂಟಿಗೊಂದು ವೋಲ್ಟೇಜಿಗೊಂದು ಎಂದು ಎರಡು ಮಲ್ಟಿಮೀಟರ್, ಒಂದು ತುಂಡು ವೈರ್ ಬೇಕು.

ಎಲ್ಲವೂ ನಿಂತಿರುವುದು ಈ ಎರಡು ಸಮೀಕರಣಗಳ ಮೇಲೆ:

```
I1 = Y11·V1 + Y12·V2
I2 = Y21·V1 + Y22·V2
```

ಪೋರ್ಟ್ 2 ಶಾರ್ಟ್ ಆದರೆ V2 ಸೊನ್ನೆ. ಬಲಗಡೆಯ ಎರಡನೇ ಪದ ಹಾರಿಹೋಗುತ್ತದೆ, ಉಳಿದದ್ದನ್ನು V1ರಿಂದ ಭಾಗಿಸಿದರೆ Y11, Y21 ಕೈಗೆ ಬರುತ್ತವೆ. ಸರ್ಕ್ಯೂಟಿನ ಒಳಗೆ ಆಗುವುದೂ ಇದೇ: 10 ಕಿಲೋಓಮ್‌ನ ಎರಡೂ ತುದಿ ಒಂದೇ ವೋಲ್ಟೇಜಿನಲ್ಲಿರುವುದರಿಂದ ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಅದು ಇದ್ದೂ ಇಲ್ಲದಂತೆ. ಸಪ್ಲೈಗೆ ಕಾಣುವುದು Ya ಮತ್ತು Yb ಮಾತ್ರ.

ಈಗ ಮೊದಲ ಪರೀಕ್ಷೆ. ಪೋರ್ಟ್ 2ನ್ನು ಬರೀ ವೈರಿನಿಂದ ಶಾರ್ಟ್ ಮಾಡಿ, ಆ ಜಾಗಕ್ಕೆ ಮೀಟರ್ ಇನ್ನೂ ಬೇಡ. ಸಪ್ಲೈಯ ಪಾಸಿಟಿವ್‌ನಿಂದ ಆಮ್ಮೀಟರ್ ಮೂಲಕ ಪೋರ್ಟ್ 1ಕ್ಕೆ ಬನ್ನಿ. ವೋಲ್ಟ್‌ಮೀಟರನ್ನು ಸಪ್ಲೈ ಟರ್ಮಿನಲ್ಲಿಗೆ ಹಚ್ಚಬೇಡಿ, ಪೋರ್ಟ್ 1ರ ತುದಿಗಳಿಗೇ ಹಚ್ಚಿ. ಆಮ್ಮೀಟರಿನಲ್ಲಿ ಬಿದ್ದುಹೋಗುವ ವೋಲ್ಟೇಜು ಆಗ ಲೆಕ್ಕದಿಂದ ಹೊರಗುಳಿಯುತ್ತದೆ. ಪೋರ್ಟಿನಲ್ಲಿ ಸರಿಯಾಗಿ 5.00 ವೋಲ್ಟ್ ಬರುವಂತೆ ಸಪ್ಲೈ ಹೊಂದಿಸಿ. ಕರೆಂಟ್ 7.50 ಮಿಲಿಆಂಪ್ ತೋರಿಸಬೇಕು. 7.50 ಭಾಗಿಸು 5, ಅಂದರೆ Y11 = 1.5 mS.

ಇದನ್ನೇ ತಿರುಗಿಸಿ ಮಾಡಿ. ಪೋರ್ಟ್ 1ಕ್ಕೆ ವೈರ್, ಪೋರ್ಟ್ 2ಕ್ಕೆ 5 ವೋಲ್ಟ್. ಕರೆಂಟ್ 5.50 ಮಿಲಿಆಂಪ್, Y22 = 1.1 mS. ಇವೆರಡೂ ನಂಬಬಹುದಾದ ಅಂಕಿಗಳು, ಏಕೆಂದರೆ ಶಾರ್ಟ್ ಮಾಡಿದ್ದು ಬರಿಯ ವೈರ್.

ತೊಡಕು ಶುರುವಾಗುವುದು Y21ರಲ್ಲಿ. ಇದಕ್ಕೆ ಶಾರ್ಟ್ ಆದ ಪೋರ್ಟಿನಲ್ಲಿ ಹರಿಯುವ ಕರೆಂಟ್ ಬೇಕು, ಹಾಗಾಗಿ ವೈರಿನ ಜಾಗದಲ್ಲಿ ಆಮ್ಮೀಟರ್ ಕೂರಬೇಕು. ಕೆಂಪು ಪ್ರೋಬ್ ಪೋರ್ಟ್ 2ರ ಮೇಲಿನ ತುದಿಗೆ, ಕಪ್ಪು ಗ್ರೌಂಡಿಗೆ. ಮೀಟರ್ ಪಾಸಿಟಿವ್ ಅಂಕಿ ತೋರಿಸುತ್ತದೆ. ಆದರೆ ಆ ಕರೆಂಟ್ ನೆಟ್‌ವರ್ಕಿನಿಂದ ಹೊರಗೆ ಹೋಗುತ್ತಿದೆ, ನಮ್ಮ ಸಮೀಕರಣಗಳಲ್ಲಿ I1, I2 ಎರಡೂ ಒಳಗೆ ಬರುವ ಕರೆಂಟುಗಳು. ಆದ್ದರಿಂದ ಬರೆಯುವಾಗ ಮೈನಸ್ ಚಿಹ್ನೆ ನೀವೇ ಹಾಕಬೇಕು. ಪೈ ನೆಟ್‌ವರ್ಕಿನಲ್ಲಿ ರೆಸಿಸ್ಟರ್‌ಗಳಷ್ಟೇ ಇದ್ದಾಗ Y21 ಪಾಸಿಟಿವ್ ಬಂತೆಂದರೆ ಚಿಹ್ನೆ ತಪ್ಪಿದೆ ಎಂದೇ ಅರ್ಥ.

ಲೆಕ್ಕದ ಪ್ರಕಾರ ಇಲ್ಲಿ 5.00 ಮಿಲಿಆಂಪ್ ಬರಬೇಕು. ಬರುವುದಿಲ್ಲ. ಆಮ್ಮೀಟರಿನ ಒಳಗಿರುವ ಶಂಟ್ ಮತ್ತು ಫ್ಯೂಸಿಗೆ ತಮ್ಮದೇ ರೆಸಿಸ್ಟನ್ಸ್ ಇದೆ, ರೇಂಜ್ ಸಣ್ಣದಾದಷ್ಟೂ ಅದು ಹೆಚ್ಚು. ನಮ್ಮ ಮೀಟರಿನದು 10 ಓಮ್ ಎಂದುಕೊಳ್ಳೋಣ. ಪೋರ್ಟ್ 1ರಲ್ಲಿ 5 ವೋಲ್ಟ್ ಕೊಟ್ಟರೆ ಪೋರ್ಟ್ 2ರ ಮೀಟರ್ 4.95 ತೋರಿಸುತ್ತದೆ. ತಿರುಗಿಸಿ ಅಳೆದರೆ 4.93. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬರೀ ರೆಸಿಸ್ಟರ್‌ಗಳ ನೆಟ್‌ವರ್ಕಿನಲ್ಲಿ Y12 ಮತ್ತು Y21 ಒಂದೇ ಆಗಿರಬೇಕು, ರೆಸಿಸ್ಟರ್‌ಗಳ ಬೆಲೆ ಎಷ್ಟೇ ಇರಲಿ, ಟಾಲರೆನ್ಸ್ ಎಷ್ಟೇ ಇರಲಿ. ಎರಡೂ ಸಲ 5 ವೋಲ್ಟ್ ಕೊಟ್ಟೂ ಅವು ಬೇರೆ ಬಂದಿವೆ ಎಂದಾದರೆ ರೆಸಿಸ್ಟರನ್ನು ದೂರುವಂತಿಲ್ಲ. ಶಾರ್ಟ್ ನಿಜವಾದ ಶಾರ್ಟ್ ಅಲ್ಲ. ಮೀಟರಿನದು 100 ಓಮ್ ಆಗಿದ್ದರೆ ಅಂಕಿಗಳು 4.50 ಮತ್ತು 4.35 ಆಗುತ್ತವೆ, ಆಗಂತೂ ಅನುಮಾನಕ್ಕೆ ಎಡೆಯೇ ಇಲ್ಲ.

ಈ ತಾಳೆ ನೋಡುವ ಕ್ರಮ ಒಂದು ಕಡೆ ಕೈಕೊಡುತ್ತದೆ. Ya ಮತ್ತು Yc ಸಮವಾಗಿದ್ದರೆ ಎರಡೂ ಕಡೆ ತಪ್ಪು ಒಂದೇ ಅಳತೆಯಲ್ಲಿ ನುಸುಳಿ, ಅಂಕಿಗಳು ಸರಿಯಿದ್ದಂತೆಯೇ ಕಾಣುತ್ತವೆ. ಪಠ್ಯಗಳ ಉದಾಹರಣೆಗಳಂತೆ ಎರಡೂ ಬದಿಗೆ ಒಂದೇ ಬೆಲೆಯ ರೆಸಿಸ್ಟರ್ ಹಾಕದೆ ಬೇರೆ ಬೇರೆ ಹಾಕಿ ಎನ್ನುವುದು ಇದಕ್ಕೇ.

ಸರಿಪಡಿಸಲು ದುಬಾರಿ ಮೀಟರ್ ಬೇಕಿಲ್ಲ. V2 ಸೊನ್ನೆ ಎಂದು ಊಹಿಸುವ ಬದಲು ಅದನ್ನೂ ಅಳೆಯಿರಿ. ಆಮ್ಮೀಟರ್ ಪೋರ್ಟ್ 2ರಲ್ಲೇ ಇರಲಿ, ಪೋರ್ಟ್ 1ರ 5 ವೋಲ್ಟ್ ಕದಲದೆ ಇರಲಿ, ವೋಲ್ಟ್‌ಮೀಟರನ್ನು ತಂದು ಪೋರ್ಟ್ 2ಕ್ಕೆ ಹಚ್ಚಿ. ಸುಮಾರು 49.5 ಮಿಲಿವೋಲ್ಟ್ ಸಿಗುತ್ತದೆ. Y22 ಎಷ್ಟೆಂದು ವೈರಿನ ಪರೀಕ್ಷೆಯಿಂದ ಆಗಲೇ ಗೊತ್ತಿದೆಯಲ್ಲ, ಎರಡನೇ ಸಮೀಕರಣವನ್ನು ಪೂರ್ತಿಯಾಗಿ ಬಳಸಿ:

```
Y21 = (I2 − Y22·V2) / V1
    = (−4.95 − 1.1 × 0.0495) / 5
    ≈ −1.00 mS
```

ಇನ್ನೊಂದು ಬದಿಗೂ ಇದೇ ರೀತಿ, Y22 ಬದಲು Y11 ಹಾಕಿ. ಎರಡೂ ಬಂದು −1.00ಕ್ಕೆ ಸೇರುತ್ತವೆ. 100 ಓಮ್ ಮೀಟರಿನ ಅಂಕಿಗಳಿಗೂ ಈ ಲೆಕ್ಕ ಸರಿಹೋಗುತ್ತದೆ: ಅಲ್ಲಿ V2 0.45 ವೋಲ್ಟ್, ಕರೆಂಟ್ 4.50, ಉತ್ತರ ಅದೇ.

ಶೇ 1ರ ತಪ್ಪಿಗೆ ಇಷ್ಟು ಒದ್ದಾಟವೇಕೆ ಎಂದರೆ, ಅಳತೆಗಳಿಂದ ರೆಸಿಸ್ಟರ್‌ಗಳನ್ನು ಮತ್ತೆ ಕಂಡುಹಿಡಿಯುವಾಗ ಅದು ಅಲ್ಲಿಗೇ ನಿಲ್ಲುವುದಿಲ್ಲ.

```
Yb = −Y12
Ya = Y11 + Y12
Yc = Y22 + Y12
```

ಸರಿಯಾದ ಅಂಕಿಗಳಿಂದ Yc = 1.1 − 1.0 = 0.1 mS, ಅಂದರೆ 10 ಕಿಲೋಓಮ್. ತಿದ್ದದೆ ಬಿಟ್ಟ 4.93 ಮಿಲಿಆಂಪಿನಿಂದ Y12 = −0.986, ಆಗ Yc = 0.114 mS, ರೆಸಿಸ್ಟರ್ 8.8 ಕಿಲೋಓಮ್ ಆಸುಪಾಸು. ಶೇ 1.4ರ ತಪ್ಪು ಶೇ 12 ಮೀರಿತು. ಹತ್ತಿರ ಹತ್ತಿರದ ಎರಡು ದೊಡ್ಡ ಅಂಕಿಗಳನ್ನು ಕಳೆದು ಸಣ್ಣದೊಂದನ್ನು ಪಡೆಯುವಾಗಲೆಲ್ಲ ಹೀಗಾಗುತ್ತದೆ. ನಡುವಿನ ತೋಳಿಗೆ ಹೋಲಿಸಿದರೆ ಬದಿಯ ತೋಳಿನ ಅಡ್ಮಿಟನ್ಸ್ ಎಷ್ಟು ಕಡಿಮೆಯೋ ಪೆಟ್ಟು ಅಷ್ಟು ಜೋರು.

ಕೆಪಾಸಿಟರ್ ಅಥವಾ ಕಾಯಿಲ್ ಇರುವ ಪೈಗೂ ಇದೇ ಹಾದಿ. ಆದರೆ ಎ.ಸಿ. ಕೊಟ್ಟು, ಫ್ರೀಕ್ವೆನ್ಸಿ ಯಾವುದೆಂದು ಬರೆದು, ಫೇಸ್ ಕೂಡ ಅಳೆಯಬೇಕು. ಆ ಅಂಕಿಗಳು ಆ ಒಂದು ಫ್ರೀಕ್ವೆನ್ಸಿಗೆ ಮಾತ್ರ. ಇನ್ನು ಮೇಲಿನ ತಿದ್ದುಪಡಿ ಮಾಡಿದ ಮೇಲೂ Y12, Y21 ಬೇರೆಯಾಗಿಯೇ ಉಳಿದರೆ ಒಳಗೆ ಟ್ರಾನ್ಸಿಸ್ಟರ್‌ನಂಥದ್ದೇನೋ ಇದೆ. ಅಂಥ ಪೆಟ್ಟಿಗೆಯನ್ನು ಮೂರು ತೋಳಿನ ಪೈ ಚಿತ್ರದಲ್ಲಿ ಹಿಡಿಸಲಾಗದು. ಪೋರ್ಟ್ 2ರ ಬದಿಗೆ, ಪೋರ್ಟ್ 1ರ ವೋಲ್ಟೇಜನ್ನು ಅವಲಂಬಿಸಿದ ಕರೆಂಟ್ ಸೋರ್ಸನ್ನೂ ಸೇರಿಸಿ ಬರೆಯಬೇಕು. ಅದರ ಬೆಲೆ (Y21 − Y12)·V1.